ಬಾರದೆ ಹೋದ ಹ್ಯಾಕರ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಹೆಸರರಿಯದ ಹ್ಯಾಕರ್ ಮಹಾಶಯರೇ,

ಮೈಸೂರಿನ ಹಾಸ್ಟೆಲೊಂದರಲ್ಲಿದ್ದುಕೊಂಡು ಎರಡನೆಯ ವರ್ಷದ ಬಿ.ಕಾಂ. ವ್ಯಾಸಂಗ ಮಾಡುತ್ತಿರುವ, ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳಾದ ಕುಮಾರಿಯ ಮೊಬೈಲಿನೊಳಕ್ಕೆ ತಾವು ಪ್ರವೇಶಮಾಡಿ, ಅವಳ ಮಾತುಕತೆಗಳನ್ನು ಆಲಿಸಿ, ದಿನದ ಡೇಟಾವನ್ನು ಮಧ್ಯಾಹ್ನದೊಳಗೆ ಭಕ್ಷಿಸಿ, ಇಪ್ಪತ್ತು ಜಿಬಿಯಷ್ಟು ಸ್ಥಳವನ್ನು ಆಕ್ರಮಿಸಿ, ಕಡೆಗೆ ಅವಳನ್ನೇ ನಾಯಿಕೆಯನ್ನಾಗಿ ಮಾಡಿಕೊಂಡು ಒಂದು ಚಲಚ್ಚಿತ್ರವನ್ನು ತಯಾರಿಸಿದಿರೆಂಬ ದೂರನ್ನು, ನಿವೃತ್ತ ಕನ್ನಡ ಅಧ್ಯಾಪಕನೆಂಬ ಏಕಮಾತ್ರ ಅರ್ಹತೆಯ ಮೇಲೆ, ಬರೆದುಕೊಡುವ ಭಾರ ನನ್ನ ಪಾಲಿಗೆ ಬಂದಿತ್ತು. ಆ ದೂರು ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಆದರೂ ಹಾಸ್ಟೆಲಿನ ಎರಡೂ ಮಹಡಿಗಳಲ್ಲಿ, ಅವಳ ಬಂಧುವರ್ಗದ ವಾಟ್ಸಾಪ್ ಗುಂಪಿನಲ್ಲಿ, ಮೆಸ್ಸಿನ ಅಡಿಗೆಯವರ ಬಾಯಲ್ಲಿ ತಮ್ಮ ಹೆಸರು ಸಾಕಷ್ಟು ಕೆಟ್ಟುಹೋಗಿರುವುದರಿಂದ (ಹೆಸರೇ ಇಲ್ಲದವರ ಹೆಸರು ಕೆಡುವ ಬಗೆಯನ್ನು ತಾರ್ಕಿಕರು ವಿಚಾರಿಸಿಕೊಳ್ಳಲಿ) ನಡೆದುದನ್ನು ನಡೆದಂತೆಯೇ ತಮ್ಮ ಅವಗಾಹನೆಗೆ ತರುವುದು ನ್ಯಾಯವೆಂದು ತೋರಿತು.

ಕಥೆಯ ಆರಂಭ ಒಂದು ಭಾನುವಾರದ ಸಂಜೆ ಏಳು ಗಂಟೆಗೆ. ಅಕ್ಕನ ಮದುವೆಗೆಂದು ಹುಣಸೂರಿಗೆ ಹೋಗಿದ್ದ ಕೊಠಡಿಯ ಗೆಳತಿಯು, ಆನ್‌ಲೈನಿನಲ್ಲಿ ನಡೆಯುವ ಲೆಕ್ಕಶಾಸ್ತ್ರದ ವಿಶೇಷ ತರಗತಿಯನ್ನು ತನಗಾಗಿ ರೆಕಾರ್ಡ್ ಮಾಡಿಡಬೇಕೆಂದು ಕೇಳಿಕೊಂಡಿದ್ದಳು. ನಮ್ಮ ಕುಮಾರಿಯು ಪುಕ್ಕಟೆಯಾಗಿ ದೊರೆಯುವ ಒಂದು ಸ್ಕ್ರೀನ್ ರೆಕಾರ್ಡರನ್ನು ಬಹಳ ಹಿಂದೆಯೇ ಇಳಿಸಿಕೊಂಡಿದ್ದಳು. ಅದನ್ನು ತೆರೆದಾಗ ಫೋನು ತನ್ನ ಧರ್ಮವನ್ನು ಪಾಲಿಸಿ, ಪರದೆಯ ಮೇಲೆ ಕಾಣುವ ಸಮಸ್ತವೂ, ಪಾಸ್‌ವರ್ಡು, ಹಣಪಾವತಿಯ ವಿವರ, ಚಿತ್ರ, ಸಂದೇಶಗಳೆಲ್ಲವೂ, ಈ ಅಪ್ಲಿಕೇಶನ್ನಿಗೆ ಗೋಚರವಾಗುವುವೆಂದು ಎಚ್ಚರಿಸಿ ಅನುಮತಿಯನ್ನು ಬೇಡಿತು. ಅವಳು, ಮದುವೆಯ ಕರೆಯೋಲೆಯ ಒಕ್ಕಣೆಯನ್ನು ಯಾರೂ ಓದದೆ ಮುಹೂರ್ತವನ್ನಷ್ಟೇ ನೋಡುವಂತೆ, ಕೆಳಗಿದ್ದ `Start now` ಎಂಬುದನ್ನಷ್ಟೇ ನೋಡಿ ಒತ್ತಿದಳು. ಎಂಟೂವರೆಗೆ ತರಗತಿ ಮುಗಿಯಿತು. ಇತ್ತೀಚೆಗೆ ತೆರೆದ ಅಪ್ಲಿಕೇಶನ್ನುಗಳ ಸಾಲಿನಿಂದ ರೆಕಾರ್ಡರನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಟ್ಟು, ಅದು ಅಸ್ತಂಗತವಾಯಿತೆಂದು ನಿಶ್ಚಿಂತಳಾದಳು.

ಅದು ಅಸ್ತಂಗತವಾಗಿರಲಿಲ್ಲ. ಇಂಥ ಅಪ್ಲಿಕೇಶನ್ನುಗಳ ಮುಖ ಒಂದು, ಕೆಲಸ ಮಾಡುವ ಕೈ ಇನ್ನೊಂದು; ಮುಖವನ್ನು ಸಾಲಿನಿಂದ ತಳ್ಳಿದರೂ ಹಿಂದೆ ನಡೆಯುತ್ತಿರುವ ಸೇವೆ ಸಾಮಾನ್ಯವಾಗಿ ನಡೆದೇ ಇರುತ್ತದೆ. ಹೀಗೆ ನಡೆಯುವ ಸೇವೆಯು ಮೇಲುಗಡೆಯ ಸೂಚನಾಫಲಕದಲ್ಲಿ ‘ನಾನಿದ್ದೇನೆ’ ಎಂದು ಸಾರುತ್ತಿರಬೇಕೆಂಬ ನಿಯಮವನ್ನು ಆಂಡ್ರಾಯ್ಡ್ ವಿಧಿಸಿದೆ. ರೆಕಾರ್ಡಿಂಗನ್ನು ನಿಲ್ಲಿಸುವ ಗುಂಡಿಯಿರುವುದೂ ಅಲ್ಲಿಯೇ. ಆದರೆ ಆ ಅಪ್ಲಿಕೇಶನ್ನು ಸಂಜೆಗೊಮ್ಮೆ, ಬೆಳಗಿಗೊಮ್ಮೆ ಜಾಹೀರಾತುಗಳನ್ನೂ ಅದೇ ಬಾಗಿಲಿನಿಂದ ಕಳಿಸುತ್ತಿದ್ದುದರಿಂದ ರೋಸಿಹೋಗಿದ್ದ ಕುಮಾರಿಯು, ತಿಂಗಳುಗಳ ಹಿಂದೆಯೇ ಅದರ ಸೂಚನೆಗಳನ್ನೆಲ್ಲ ಒಟ್ಟಾಗಿ ಬಂದ್ ಮಾಡಿ, ಮಾಡಿದುದನ್ನು ಮರೆತಿದ್ದಳು. ಸಾಕ್ಷಿ ಹೇಳಬಲ್ಲ ಒಬ್ಬನೇ ಒಬ್ಬನ ಬಾಯಿಗೆ ಹೀಗೆ ಬಟ್ಟೆ ತುರುಕಿದ ಮೇಲೆ, ಮಹಾಶಯರೇ, ತಮ್ಮನ್ನಲ್ಲದೆ ಇನ್ನಾರನ್ನು ಶಂಕಿಸಬೇಕಾಗಿತ್ತು?

ಒಂಬತ್ತರ ಸುಮಾರಿಗೆ ಪರದೆಯ ಬಲಮೂಲೆಯಲ್ಲಿ ಒಂದು ಹಸಿರು ಚುಕ್ಕೆಯನ್ನು ಕಂಡಳು. ಯಾವುದೋ ಅಪ್ಲಿಕೇಶನ್ನು ಮೈಕನ್ನೋ ಕ್ಯಾಮೆರಾವನ್ನೋ ಬಳಸುತ್ತಿದೆಯೆಂದು ತಿಳಿಸುವ ಈ ಚುಕ್ಕೆಯನ್ನು 2021ರಲ್ಲಿ ಬಂದ ಆಂಡ್ರಾಯ್ಡ್ 12 ರೂಢಿಗೆ ತಂದಿತು. ರೆಕಾರ್ಡರು ಪರದೆಯೊಡನೆ ಕೋಣೆಯ ಧ್ವನಿಯನ್ನೂ ಹಿಡಿಯುತ್ತಿದ್ದುದರಿಂದ ಅದು ಪ್ರಾಮಾಣಿಕವಾಗಿ ಬೆಳಗುತ್ತಿತ್ತು. ಕುಮಾರಿಯು ಆ ಚುಕ್ಕೆಯ ಅರ್ಥವನ್ನು ಅಂತರ್ಜಾಲದಲ್ಲಿ ಹುಡುಕಿದಳು. ಅರ್ಥ ದೊರೆಯಿತು, ಅರ್ಥದ ಹಿಂದೆಯೇ ಅನರ್ಥವೂ ದೊರೆಯಿತು. ಫೋನು ಬಿಸಿಯಾಗುವುದು, ಬ್ಯಾಟರಿ ಬೇಗನೆ ಇಳಿಯುವುದು, ಸ್ಥಳ ಕಡಮೆಯಾಗುವುದು, ಡೇಟಾ ತೀರಿಹೋಗುವುದು ಇವೆಲ್ಲವೂ ಹ್ಯಾಕಿಂಗಿನ ಲಕ್ಷಣಗಳೆಂದು ಓದಿ ತನ್ನ ಫೋನನ್ನು ಪರೀಕ್ಷಿಸಿಕೊಂಡರೆ, ಎಲ್ಲ ಲಕ್ಷಣಗಳೂ ಶಾಸ್ತ್ರೋಕ್ತವಾಗಿ ಅಲ್ಲಿ ಕಾಣಿಸಿಕೊಂಡವು.

ಇಲ್ಲಿ ಸ್ವಲ್ಪ ಲೆಕ್ಕಕ್ಕೆ ತಾವು ಅನುಮತಿಯನ್ನೀಯಬೇಕು. ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟಿನ ವೇಗದಲ್ಲಿ ಬರೆಯುವ ರೆಕಾರ್ಡರು ಸೆಕೆಂಡಿಗೆ ಅರ್ಧ ಮೆಗಾಬೈಟಿನಂತೆ, ಗಂಟೆಗೆ 1.8 ಜಿಬಿಯಷ್ಟನ್ನು ನುಂಗುತ್ತದೆ. ಪರದೆ ಆರಿದ್ದಾಗ ಬರೆಯಲು ಹೊಸ ಚಿತ್ರವೇ ಇಲ್ಲವಾದುದರಿಂದ ಕಡತ ಅಷ್ಟಾಗಿ ಬೆಳೆಯದು. ಫೋನನ್ನು ಮಗುಚಿಟ್ಟು ಮಲಗಿದ್ದರೆ ಆ ರಾತ್ರಿಯ ನಷ್ಟ ಅಲ್ಪದರಲ್ಲಿ ಮುಗಿಯುತ್ತಿತ್ತು. ಅವಳಾದರೋ ತಮ್ಮ ಭಯದಿಂದ ಬೆಳಗಿನ ಜಾವ ಮೂರರವರೆಗೆ ಕಣ್ಣು ಮುಚ್ಚದೆ ಫೋನನ್ನೇ ನೋಡುತ್ತ, ತಮ್ಮನ್ನು ಕುರಿತು ಓದುತ್ತ, ತಮ್ಮ ಸಹೋದರರ ಸಾಹಸಗಳ ವಿಡಿಯೋಗಳನ್ನು ವೀಕ್ಷಿಸುತ್ತ ಕುಳಿತಳು. ತಮ್ಮನ್ನು ಹುಡುಕಿದಷ್ಟೂ ಕಡತ ಬೆಳೆಯಿತು, ಕಡತ ಬೆಳೆದಷ್ಟೂ ಫೋನು ಕಾಯಿತು, ಫೋನು ಕಾದಷ್ಟೂ ಹುಡುಕಾಟ ತೀವ್ರವಾಯಿತು. 20 ಜಿಬಿ ಖಾಲಿಯಿದ್ದಲ್ಲಿ ಸೋಮವಾರ ಬೆಳಗ್ಗೆ ಉಳಿದದ್ದು ಹೆಚ್ಚುಕಡಮೆ ಆರು. ಇದು ಸಾಲದೆಂಬಂತೆ, ಆ ರೆಕಾರ್ಡರು ಒಂದು ಗಾತ್ರಕ್ಕೆ ಬೆಳೆದ ಕಡತವನ್ನು ಮುಚ್ಚಿ ಮತ್ತೊಂದನ್ನು ತೆರೆಯುವ ಸ್ವಭಾವದ್ದಾಗಿದ್ದು, ಮುಚ್ಚಿದ ಕಡತಗಳನ್ನು ಗೂಗಲ್ ಫೋಟೋಸ್ ಸದ್ದಿಲ್ಲದೆ ತನ್ನ ಭಂಡಾರಕ್ಕೆ ಸಾಗಿಸುತ್ತಿತ್ತು. ಹಾಸ್ಟೆಲಿನ ವೈಫೈ ದುರ್ಬಲವೆಂದು, ಮೊಬೈಲ್ ಡೇಟಾದಲ್ಲಿಯೂ ಸಾಗಿಸತಕ್ಕದ್ದೆಂದು ಆಜ್ಞಾಪಿಸಿದ್ದವಳು ಅವಳೇ. ಮಧ್ಯಾಹ್ನದೊಳಗೆ ದಿನದ ಒಂದೂವರೆ ಜಿಬಿ ಮುಗಿಯಿತೆಂಬ ಸಂದೇಶ ಬಂತು.

ಸೋಮವಾರ ಬೆಳಗ್ಗೆ ಯಾರದೋ ಸಲಹೆಯಂತೆ ಫೋನನ್ನು ಆರಿಸಿ ಹೊತ್ತಿಸಿದೊಡನೆ ಚುಕ್ಕೆ ಮಾಯವಾಯಿತು, ಬಿಸಿ ಇಳಿಯಿತು. ಸಂಜೆ ಏಳಕ್ಕೆ ತರಗತಿಯ ಎರಡನೆಯ ಭಾಗವಿತ್ತು. ಕೊಟ್ಟ ಮಾತಿಗೆ ತಪ್ಪದ ಹುಡುಗಿ ಅದನ್ನೂ ರೆಕಾರ್ಡ್ ಮಾಡಿದಳು. ಚುಕ್ಕೆ ಮರಳಿ ಬಂತು. ಇದರಿಂದ ಅವಳು ತೆಗೆದ ತೀರ್ಮಾನವು, ತಾವು ಸಂಜೆ ಏಳಕ್ಕೆ ಕೆಲಸಕ್ಕೆ ಬರುವವರು ಎಂಬುದು. ಕಾಯಿಲೆ ಯಾವ ಕೆಲಸದ ಬೆನ್ನಿಗೆ ಬರುತ್ತದೆಯೆಂದು ನೋಡದೆ ಯಾವ ಗಳಿಗೆಯಲ್ಲಿ ಬರುತ್ತದೆಯೆಂದು ನೋಡುವುದು ನಮ್ಮಲ್ಲಿ ಪಂಚಾಂಗದ ಕಾಲದಿಂದಲೂ ನಡೆದುಬಂದಿದೆ. ಹಿರಿಯ ವಿದ್ಯಾರ್ಥಿನಿಯೊಬ್ಬಳು `*#21#` ಒತ್ತಿ ನೋಡೆಂದಳು. ಕರೆಗಳನ್ನು ಬೇರೊಂದು ನಂಬರಿಗೆ ತಿರುಗಿಸಲಾಗಿದೆಯೇ ಎಂಬುದನ್ನಷ್ಟೇ ಹೇಳುವ ಆ ಸಂಕೇತ, ತಿರುಗಿಸಿಲ್ಲವೆಂದಿತು. ಅಷ್ಟು ಚೆನ್ನಾಗಿ ಅಡಗಿಕೊಂಡಿದ್ದೀರೆಂದು ತಮ್ಮ ಮೇಲಿನ ಗೌರವ ಇಮ್ಮಡಿಸಿತು.

ತಮ್ಮ ನಿಜವಾದ ಜ್ಞಾತಿಬಾಂಧವನೊಬ್ಬನು ರಂಗಪ್ರವೇಶ ಮಾಡಿದ್ದು ಈ ಘಟ್ಟದಲ್ಲಿ. ಇನ್‌ಸ್ಟಾಗ್ರಾಮಿನಲ್ಲಿ ತನ್ನನ್ನು ‘ಎಥಿಕಲ್ ಹ್ಯಾಕರ್’ ಎಂದು ಕರೆದುಕೊಳ್ಳುವ ಆ ಪುಣ್ಯಪುರುಷನು, ಮೂರು ಸಾವಿರ ರೂಪಾಯಿಗೆ ತಮ್ಮನ್ನು ಉಚ್ಚಾಟನೆ ಮಾಡುವುದಾಗಿಯೂ, ಅರ್ಧವನ್ನು ಮುಂಗಡವಾಗಿ ಕೊಡಬೇಕೆಂದೂ ತಿಳಿಸಿ, ರಾತ್ರಿ ಹತ್ತರ ಹೊತ್ತಿಗೆ ‘ನನ್ನ ಕಡೆಯಿಂದ ಕಾರ್ಯ ಆರಂಭಿಸಿದ್ದೇನೆ’ ಎಂದು ಬರೆದನು. ಅದೇ ನಿಮಿಷಗಳಲ್ಲಿ ಫೋನಿನ ಉಳಿದ ಸ್ಥಳವೂ ತುಂಬಿ, ಬರೆಯಲು ಎಡೆಯಿಲ್ಲದೆ ರೆಕಾರ್ಡರು ತಾನಾಗಿ ನಿಂತಿತು. ಚುಕ್ಕೆ ಆರಿತು. ಕುಮಾರಿಯು ಕೈಮುಗಿದು ಒಂದೂವರೆ ಸಾವಿರವನ್ನು ಕಳಿಸಿಬಿಟ್ಟಳು. ಸಂತುಷ್ಟನಾದ ಆತನು, ತಮ್ಮ ಬೇರುಗಳು ಇನ್ನೂ ಒಳಗಿರುವುದಾಗಿ ತಿಳಿಸಿ, ಅವನ್ನು ಕೀಳಲು ಒಂದು ಎಪಿಕೆ ಕಡತವನ್ನು ಕಳಿಸಿ, ಅದನ್ನು ಸ್ಥಾಪಿಸಿ ಆಕ್ಸೆಸಿಬಿಲಿಟಿ ಅನುಮತಿಯನ್ನು ಕೊಡಬೇಕೆಂದು ಅಪ್ಪಣೆ ಮಾಡಿದನು. ಆ ಅನುಮತಿಯೆಂದರೇನೆಂದು ತಮಗೆ ವಿವರಿಸುವುದು ಅಧಿಕಪ್ರಸಂಗವಾದೀತು. ಪರದೆಯನ್ನು ಓದುವ, ಒಡತಿಯ ಪರವಾಗಿ ಗುಂಡಿಗಳನ್ನು ಒತ್ತುವ ಅಧಿಕಾರವನ್ನು ದಯಪಾಲಿಸುವ ಅದಕ್ಕಾಗಿಯೇ ತಮ್ಮ ಕುಲದವರು ತಪಸ್ಸು ಮಾಡುವುದು. ಅವಳು ಶ್ರದ್ಧೆಯಿಂದ ಸ್ಥಾಪಿಸಲು ಹೊರಟಳು. ಫೋನು, ಸ್ಥಳವಿಲ್ಲವೆಂದು ನಿರಾಕರಿಸಿತು. ಕಳ್ಳನೆಂದು ದೂಷಿಸಲ್ಪಟ್ಟ ರೆಕಾರ್ಡರು, ತನ್ನ ಅತಿಭೋಜನವೊಂದರಿಂದಲೇ, ನಿಜವಾದ ಕಳ್ಳನಿಗೆ ಕಾಲಿಡಲು ತಾವಿಲ್ಲದಂತೆ ಮಾಡಿತ್ತು.

ಮಂಗಳವಾರ ಬೆಳಗ್ಗೆ ಇನ್ನೊಬ್ಬ ಗೆಳತಿಯ ಲ್ಯಾಪ್‌ಟಾಪಿನಲ್ಲಿ ತನ್ನ ಗೂಗಲ್ ಫೋಟೋಸನ್ನು ತೆರೆದವಳಿಗೆ ಅಪರಿಚಿತವಾದ ವಿಡಿಯೋ ಒಂದು ಕಂಡಿತು. ಅದರಲ್ಲಿ ಅವಳ ಪರದೆಯೇ ಓಡುತ್ತಿತ್ತು. ‘ನನ್ನ ಫೋನ್ ಹ್ಯಾಕ್ ಆಗಿದೆಯೇ’ ಎಂದು ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ಹಿನ್ನೆಲೆಯಲ್ಲಿ ಅವಳದೇ ಬಿಕ್ಕಳಿಕೆ ಕೇಳುತ್ತಿತ್ತು. ನಡುವೆ, ಮೆಸ್ಸಿನ ಹಣ ಕಟ್ಟಲು ಬ್ಯಾಂಕಿನ ಅಪ್ಲಿಕೇಶನ್ನು ತೆರೆದ ಭಾಗದಲ್ಲಿ ಪರದೆ ಸಂಪೂರ್ಣ ಕಪ್ಪಾಗಿತ್ತು. ತನ್ನ ಪುಟಗಳನ್ನು ಯಾರೂ ಚಿತ್ರೀಕರಿಸದಂತೆ ಆ ಅಪ್ಲಿಕೇಶನ್ನೇ ಎಳೆದುಕೊಂಡ ತೆರೆ ಅದು. ಕುಮಾರಿಯಾದರೋ, ಅತ್ಯಮೂಲ್ಯವಾದ ಆ ಭಾಗವನ್ನು ತಾವು ಕತ್ತರಿಸಿ ಇಟ್ಟುಕೊಂಡಿರೆಂದು ನಂಬಿದಳು. ‘ಆರೋಪಿಯು ಸಾಕ್ಷ್ಯವನ್ನು ನಾಶಪಡಿಸಿರುತ್ತಾನೆ’ ಎಂಬ ವಾಕ್ಯ ದೂರಿಗೆ ಸೇರಿದ್ದು ಹೀಗೆ. ವಾಕ್ಯ ನನ್ನದು, ಅದರ ಗಾಂಭೀರ್ಯ ನನಗೆ ಇಂದಿಗೂ ಮೆಚ್ಚುಗೆಯೇ.

ಠಾಣೆಗೆ ಹೋಗುವ ದಾರಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿಯೊಂದರಲ್ಲಿ ನಿಂತದ್ದರಿಂದ ತಮ್ಮ ಮಾನ ಉಳಿಯಿತು. ಅಲ್ಲಿನ ಹುಡುಗ ಮೊದಲು ಆಕ್ಸೆಸಿಬಿಲಿಟಿಯನ್ನೂ, ಫೋನಿನ ಆಡಳಿತಾಧಿಕಾರ ಪಡೆದ ಅಪ್ಲಿಕೇಶನ್ನುಗಳನ್ನೂ, ವಾಟ್ಸಾಪಿಗೆ ಜೋಡಿಸಿದ ಇತರ ಸಾಧನಗಳನ್ನೂ ನೋಡಿದ. ಅಲ್ಲಿ ಪರಕೀಯರು ಯಾರೂ ಇರಲಿಲ್ಲ. ಬಳಿಕ ಪ್ರೈವೆಸಿ ಡ್ಯಾಶ್‌ಬೋರ್ಡನ್ನು ತೆರೆದು, ಹಿಂದಿನ 24 ಗಂಟೆಗಳಲ್ಲಿ ಮೈಕನ್ನು ಬಳಸಿದವರ ಪಟ್ಟಿಯನ್ನು ಓದಿದ. ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಒಂದೇ ಹೆಸರು. “ಮೇಡಂ, ಈ ರೆಕಾರ್ಡರ್ ನೀವೇ ಹಾಕ್ಕೊಂಡಿದ್ದಾ?” ಎಂದ. ಅವಳು ಇಲ್ಲವೆನ್ನಲಿಲ್ಲ, ಅದನ್ನು ಯಾವಾಗಲೋ ಕ್ಲೋಸ್ ಮಾಡಿದ್ದಾಗಿ ವಾದಿಸಿದಳು. ಆತ ವಾದಕ್ಕಿಳಿಯದೆ, ಭಾನುವಾರದ ಕಡತಗಳಲ್ಲಿ ಮೊಟ್ಟಮೊದಲನೆಯದನ್ನು ಹುಡುಕಿ ನುಡಿಸಿದ. ಅವಳು ಬೆಳಗ್ಗೆ ನೋಡಿ ನಡುಗಿದ್ದು ಮೂರನೆಯದನ್ನು. ಮೊದಲನೆಯದರ ಆರಂಭದಲ್ಲಿ ರೆಕಾರ್ಡರಿನ ಪುಟ, ಅನಂತರ ತರಗತಿಯ ಲಿಂಕು, ಅದರ ಮೇಲೆ ಸ್ಪಷ್ಟವಾದ ಅವಳ ಕಂಠ: “ಲೇ, ರೆಕಾರ್ಡಿಂಗ್ ಹಾಕಿದೀನಿ ಕಣ್ರೇ, ಯಾರೂ ಗಲಾಟೆ ಮಾಡ್ಬೇಡಿ.”

ಅನಂತರ ಒಂದೂವರೆ ಗಂಟೆ ಅಧ್ಯಾಪಕರ ತುಟಿ ಅಲುಗುತ್ತದೆ, ಮಾತು ಕೇಳುವುದಿಲ್ಲ. ಇವಳು ಇಯರ್‌ಫೋನ್ ಹಾಕಿಕೊಂಡಿದ್ದರಿಂದ ಮೈಕಿಗೆ ದಕ್ಕಿದ್ದು ಫ್ಯಾನಿನ ಸದ್ದು ಮತ್ತು ಪಕ್ಕದ ಕೊಠಡಿಯ ಜಗಳ ಮಾತ್ರ. ಕಡತಗಳನ್ನು ಅಳಿಸಿ, ರೆಕಾರ್ಡರನ್ನು ಕಿತ್ತುಹಾಕಿ, ಆ ಎಪಿಕೆಯನ್ನೂ ತೆಗೆದು, ಹುಡುಗ ನೂರು ರೂಪಾಯಿ ತೆಗೆದುಕೊಂಡ.

ಎಲ್ಲ ಮುಗಿದ ಮೇಲೆ ಯೋಚಿಸಿದರೆ, ತಮಗಾದ ಅವಮಾನ ಆರೋಪದ್ದಲ್ಲ, ಆರೋಪದ ಮಟ್ಟದ್ದು. 2021ರ ಜುಲೈಯಲ್ಲಿ ಪೆಗಾಸಸ್ಸಿನ ವಾರ್ತೆ ಲೋಕದ ಪತ್ರಿಕೆಗಳಲ್ಲೆಲ್ಲ ಬಂದಾಗ ಜನ ಬೆಚ್ಚಿದ್ದು, ಅದು ಒಂದು ಮಿಸ್ಡ್ ಕಾಲಿನಷ್ಟೂ ಗುರುತು ಬಿಡದೆ ಒಳಹೊಗಬಲ್ಲುದಾಗಿತ್ತೆಂಬುದರಿಂದ. ದೀಪ ಹಚ್ಚಿಕೊಂಡು, ಮೈ ಬಿಸಿ ಮಾಡಿಕೊಂಡು, ಮನೆ ತುಂಬ ಮೂಟೆ ಪೇರಿಸಿ, ಕದ್ದುದನ್ನು ಒಡತಿಯ ಭಂಡಾರಕ್ಕೇ ಮರಳಿ ತುಂಬುವ ಗೂಢಚಾರನನ್ನು ತಮ್ಮ ವೃತ್ತಿಯವರು ಒಂದು ದಿನವಾದರೂ ಕೆಲಸದಲ್ಲಿಟ್ಟುಕೊಂಡಾರೆಯೇ?

ಕಡೆಯದಾಗಿ ಒಂದು ವ್ಯವಹಾರದ ವಿಷಯ. ಇನ್‌ಸ್ಟಾಗ್ರಾಮಿನ ಆ ಪುಣ್ಯಪುರುಷನು, ತಾನು ದೂರದಿಂದಲೇ ಪ್ರಯೋಗಿಸಿದ ವಿದ್ಯೆಯಿಂದ ತಾವು ಓಡಿಹೋದಿರೆಂದು ಕುಮಾರಿಗೆ ಬರೆದು, ಉಳಿದ ಒಂದೂವರೆ ಸಾವಿರವನ್ನು ಕೂಡಲೇ ಕಳಿಸಬೇಕೆಂದೂ, ತಪ್ಪಿದರೆ ತಮ್ಮನ್ನು ಮತ್ತೆ ಒಳಕ್ಕೆ ಬಿಡಬೇಕಾಗುವುದೆಂದೂ ತಗಾದೆ ಮಾಡುತ್ತಿದ್ದಾನೆ. ಸಂದೇಶಗಳ ಚಿತ್ರಗಳನ್ನು ತೆಗೆದಿಟ್ಟುಕೊಂಡು 1930ಕ್ಕೆ ಕರೆಮಾಡಿ ದೂರು ಕೊಟ್ಟಾಗಿದೆ. ಈ ಸಾರಿ ಆರೋಪಿಯ ಕಾಲಮಿನಲ್ಲಿ ತಾವಿಲ್ಲ. ತಾವು ಎಂದೂ ಬಂದಿರಲಿಲ್ಲ, ಆದಕಾರಣ ಹೋಗಿಯೂ ಇಲ್ಲವೆಂದು ಎರಡು ಸಾಲಿನ ಒಂದು ಪ್ರಮಾಣಪತ್ರವನ್ನು ಆತನಿಗೆ ನೇರವಾಗಿ ಕಳಿಸಿಕೊಟ್ಟರೆ ಉಪಕಾರವಾದೀತು.

ಇತಿ,
ತಮ್ಮ ದೂರಿನ ಕರಡುಗಾರ