ರಾಯರ ಮನೆಯ ಊಟಿ ಚಿತ್ರ

ಭಾನುವಾರ ಬೆಳಿಗ್ಗೆ ಪೂಜೆಗೆ ದಾಸವಾಳ ಕೀಳುತ್ತಿದ್ದೆ. ಪಕ್ಕದ ಮನೆ ರಾಯರು ಕಾಂಪೌಂಡ್ ಗೋಡೆ ಆಚೆಯಿಂದ ಕೂಗಿದರು. “ಮೇಷ್ಟ್ರೇ, ಒಂದ್ನಿಮಿಷ ಇದನ್ನ ನೋಡ್ತೀರಾ?” ಅವರ ಕೈಯಲ್ಲಿ ಹಳೇ ಕಟ್ಟಿನ ಒಂದು ಚಿತ್ರ, ಜೊತೆಗೊಂದು ಹಾಳೆ. ಚಿತ್ರ ಅವರ ತಂದೆಯ ಕಾಲದಿಂದ ಹಜಾರದಲ್ಲಿದ್ದದ್ದು. ಮಂಜು ಕವಿದ ಬೆಟ್ಟಸಾಲು, ಮುಂದೆ ನಾಲ್ಕು ನೀಲಗಿರಿ ಮರ. ಅದನ್ನು ಮಾರೋಣವೆಂದು ಅವರ ಅಣ್ಣನ ಮಗ ವಿವರ ಬರೆದುಕೊಟ್ಟಿದ್ದ: “ಕೆ. ವೆಂಕಟಪ್ಪನವರ ಅಪರೂಪದ ಅಸಲಿ ಮೇರುಕೃತಿ. ಊಟಿಯ ದೃಶ್ಯ. ಸಹಿ ಮಾಡಿದ್ದಾರೆ. ಅಳತೆ 54×44 ಸೆಂ.ಮೀ.”

ನಾನು ಓದಿ ಹಾಳೆಯನ್ನು ಗೋಡೆ ಮೇಲಿಟ್ಟೆ. “ರಾಯರೇ, ಇದರಲ್ಲಿ ನಾವು ಕಣ್ಣಾರೆ ಕಂಡದ್ದು ಎಷ್ಟು, ಕೇಳಿದ್ದು ಎಷ್ಟು ಅಂತ ಮೊದಲು ಬೇರೆ ಮಾಡೋಣ” ಅಂದೆ. ಚಿತ್ರದ ವಿವರ ಬರೆಯುವುದೆಂದರೆ ನನ್ನ ಪಾಲಿಗೆ ಅಷ್ಟೇ. ನಲವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟವನಿಗೆ ಇದರಲ್ಲಿ ಸಡಿಲ ಬಿಡಲು ಮನಸ್ಸು ಬರುವುದಿಲ್ಲ.

ಮೊದಲು ಇದು ಕೈಯಲ್ಲಿ ಬರೆದದ್ದೋ ಅಚ್ಚೋ ಎಂಬ ಪ್ರಶ್ನೆ. ಗಾಜಿನ ಮೇಲಿಂದ ನೋಡಿ ಹೇಳಲಾಗದು. ರಾಯರ ಜಗಲಿಯಲ್ಲಿ ಬಿಳಿ ಪಂಚೆ ಹಾಸಿ, ಚಿತ್ರವನ್ನು ಕವುಚಿ ಮಲಗಿಸಿ, ಹಿಂದಿನ ಮೊಳೆಗಳನ್ನು ಮೆಲ್ಲಗೆ ಎಬ್ಬಿಸಿದೆವು. ಹಿಂಬದಿಯ ರಟ್ಟಿಗೆ ಕಟ್ಟು ಹಾಕಿದ ಅಂಗಡಿಯ ಚೀಟಿ ಅಂಟಿತ್ತು, ಫೋನ್ ನಂಬರು ಬರೀ ನಾಲ್ಕಂಕಿ. ರಾಯರು ಅದನ್ನು ಕಸವೆಂದು ಕೀಳಲು ಹೋದರು. ನಾನು ಕೈ ಹಿಡಿದೆ. ಯಾರು ಬರೆದರೆಂದು ಆ ಚೀಟಿ ಹೇಳಲಾರದು. ಆದರೆ ಚಿತ್ರ ಯಾವ ಊರಲ್ಲಿತ್ತು, ಕಟ್ಟು ಸುಮಾರು ಯಾವ ಕಾಲದ್ದು ಎನ್ನುವುದಕ್ಕೆ ಮನೆಮಾತಿಗಿಂತ ಗಟ್ಟಿಯಾದ ಸಾಕ್ಷಿ ಅದೊಂದೇ.

ಕಾಗದ ಹೊರಬಂದ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದೆ. ಆಫ್‌ಸೆಟ್ ಅಚ್ಚಾಗಿದ್ದರೆ ಬಣ್ಣದ ಚುಕ್ಕಿಗಳು ಪುಟ್ಟ ಹೂವಿನ ಎಸಳಿನಂತೆ ಸಾಲಾಗಿ ಕಾಣುತ್ತವೆ. ಈಗಿನ ಇಂಕ್‌ಜೆಟ್ ಅಚ್ಚಿನಲ್ಲಿ ಸಾಲಿರದಿದ್ದರೂ ಸಿಂಪಡಿಸಿದಂಥ ಸಣ್ಣ ಚುಕ್ಕಿಗಳು ಕಾಣುತ್ತವೆ. ಇಲ್ಲಿ ಎರಡೂ ಇಲ್ಲ. ಬಣ್ಣದ ನೀರು ಕಾಗದದ ತಗ್ಗುಗಳಲ್ಲಿ ನಿಂತು ಒಣಗಿದೆ, ಒಂದೊಂದು ಹಚ್ಚಿಕೆಯ ಅಂಚಿನಲ್ಲೂ ತೆಳುವಾದ ಗಾಢ ಗೆರೆ ಕಟ್ಟಿದೆ, ಮರದ ಕಾಂಡದ ಕೆಳಗೆ ಪೆನ್ಸಿಲ್ ಗೀಟು ಇಣುಕುತ್ತಿದೆ. ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಬಿಟ್ಟಾಗ ಮಂಜಿನ ಜಾಗದಲ್ಲಿ ಬಿಳಿ ಬಣ್ಣ ಕೂದಲೆಳೆಯಷ್ಟು ದಪ್ಪವಾಗಿ ಎದ್ದು ಕಂಡಿತು. ಉಳಿದೆಡೆ ಬಿಳುಪು ಎಂದರೆ ಬರೀ ಕಾಗದ. ಹಾಗಾಗಿ ಮಾಧ್ಯಮ: ಕಾಗದದ ಮೇಲೆ ಜಲವರ್ಣ, ಮಂಜಿಗೆ ಗಟ್ಟಿ ಬಿಳಿ, ಕೆಳಗೆ ಪೆನ್ಸಿಲ್ ರೇಖೆ. ಕೈಯಲ್ಲೇ ಬರೆದದ್ದು. ಇಷ್ಟನ್ನು ಧೈರ್ಯವಾಗಿ ಬರೆಯಬಹುದು.

ಆಮೇಲೆ ಅಳತೆ. ಹುಡುಗ ಕಟ್ಟಿನ ಹೊರಅಂಚಿಗೆ ಟೇಪು ಹಿಡಿದಿದ್ದ. ಅಷ್ಟೇ ಅಲ್ಲ, ಅಗಲವನ್ನು ಮೊದಲು ಬರೆದಿದ್ದ. ಚಿತ್ರದ ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. 54×44 ಎಂದು ಓದಿದವರು ಉದ್ದುದ್ದ ನಿಂತ ದೊಡ್ಡ ಚಿತ್ರವನ್ನು ನೆನೆದುಕೊಳ್ಳುತ್ತಾರೆ. ಇದು ಅಡ್ಡ ಚಿತ್ರ. ಕಾಗದ 28×38 ಸೆಂ.ಮೀ., ಮೌಂಟಿನ ಕಿಂಡಿಯಲ್ಲಿ ಕಾಣುವ ಭಾಗ 26.5×36.5, ಕಟ್ಟು ಸೇರಿ 44×54. ಮೂರನ್ನೂ ಬೇರೆ ಬೇರೆ ಬರೆದರೆ ಕೊಳ್ಳುವವರಿಗೆ ಗೋಡೆಯಲ್ಲಿ ಎಷ್ಟು ಜಾಗ ಬೇಕು, ಚಿತ್ರ ಎಷ್ಟಿದೆ ಎರಡೂ ತಿಳಿಯುತ್ತದೆ. 28×38 ನೋಡಿ ನನಗೆ ಖುಷಿಯಾಯಿತು. ಇಂಪೀರಿಯಲ್ ಎಂಬ ಜಲವರ್ಣದ ಹಾಳೆ 22×30 ಇಂಚು. ಅದನ್ನು ನಾಲ್ಕು ಮಾಡಿದರೆ ಬರುವುದು ಇದೇ ಅಳತೆ. ಬರೆದವರು ಕಸುಬಿನ ಹಾಳೆಯನ್ನೇ ಕತ್ತರಿಸಿಕೊಂಡು ಕೂತಿದ್ದಾರೆ.

ಕಟ್ಟಿನ ಬಗ್ಗೆ ಬರೆಯುವಾಗ ಅದರ ಚೆಂದ ಮಾತ್ರ ಬರೆದರೆ ಸಾಲದು, ಅದು ಮಾಡಿದ ಹಾನಿಯನ್ನೂ ಬರೆಯಬೇಕು. ತೇಗದ ಪಟ್ಟಿ ಚೆನ್ನಾಗಿಯೇ ಇದೆ. ಒಳಗಿನ ಮೌಂಟ್ ಬೋರ್ಡು ಹುಳಿಯಂಶದ್ದು. ಅದರ ಕಿಂಡಿಯ ಸುತ್ತ ಕಾಗದದ ಮೇಲೆ ಕಂದು ಗೆರೆ ಸುಟ್ಟಂತೆ ಇಳಿದಿದೆ. ಬೋರ್ಡಿನಡಿ ಬೆಳಕು ಕಾಣದ ಅಂಚಿನಲ್ಲಿ ಆಕಾಶದ ನೀಲಿ ಇನ್ನೂ ಗಾಢವಾಗಿದೆ, ಕಿಂಡಿಯೊಳಗೆ ಬಿಳಿಚಿಕೊಂಡಿದೆ. ಎಡ ಮೇಲ್ಮೂಲೆಯಲ್ಲಿ ತೇವದಿಂದ ಎದ್ದ ಕಂದು ಚುಕ್ಕಿಗಳು. ರಾಯರಿಗೆ ಇದನ್ನು ಬರೆಯಲು ಸಂಕೋಚ. “ಬೆಲೆ ಇಳಿಯಲ್ವೇ ಮೇಷ್ಟ್ರೇ?” ಎಂದರು. ಇಳಿಯಬಹುದು. ಆದರೆ ಕೊಂಡವರು ಕಟ್ಟು ಬಿಚ್ಚಿದ ದಿನ ಅದು ಹೇಗೂ ಕಾಣುತ್ತದೆ. ಆಮೇಲೆ ನಮ್ಮ ಉಳಿದ ಮಾತನ್ನು ಯಾರು ನಂಬುತ್ತಾರೆ?

ಕಡೆಗೆ ಹೆಸರಿನ ಮಾತು. ಬಲ ಕೆಳಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಕೆ.ವಿ. ಎಂಬ ಇಂಗ್ಲಿಷಿನ ಎರಡಕ್ಷರ ಇದೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು, ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರದೇ ಹೆಸರು. ಬೆಟ್ಟ, ಮಂಜು, ಎರಡಕ್ಷರ ಮೂರೂ ಕೂಡಿದ್ದರಿಂದ ಮನೆಯವರು ಆ ಹೆಸರಿಗೆ ಬಂದದ್ದು ಸಹಜ. ಆದರೆ ಕೆ.ವಿ. ಎಂಬ ಇನಿಷಿಯಲ್ ಇರುವವರು ಮೈಸೂರಿನಲ್ಲಿ ಎಷ್ಟು ಮಂದಿ! ಊಟಿಯ ಮಂಜನ್ನು ಬರೆದವರೂ ಬಹಳ. ಆ ಅಕ್ಷರಗಳು ಬಣ್ಣದ ಮೇಲಿವೆ, ಹಾಗಾಗಿ ಅವತ್ತೇ ಬರೆದದ್ದೋ ಆಮೇಲೆ ಸೇರಿದ್ದೋ ಹೇಳಲಾಗದು. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಬಿಟ್ಟೆವು, ಕಾಗದ ನೀಲಿಯಾಗಿ ಹೊಳೆಯಲಿಲ್ಲ. ಹೊಳೆದಿದ್ದರೆ ಅದರಲ್ಲಿ ಬಿಳುಪುಕಾರಕವಿದೆ, ಹೆಚ್ಚುಕಡಿಮೆ 1950ರ ಈಚಿನ ಕಾಗದ ಎನ್ನಬಹುದಿತ್ತು. ಹೊಳೆಯದಿದ್ದರೆ ಹಳೆಯದೆಂದು ಸಾಬೀತಾಗುವುದಿಲ್ಲ. ಒಳ್ಳೆಯ ಜಲವರ್ಣದ ಕಾಗದಕ್ಕೆ ಇವತ್ತಿಗೂ ಆ ಪುಡಿ ಸೇರಿಸದವರಿದ್ದಾರೆ.

ಅದಕ್ಕೇ ಹರಾಜು ಮನೆಗಳು ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಬಳಸುತ್ತವೆ. ‘ಇಂಥವರ ಕೃತಿ’ ಎನ್ನುವುದು ಮೇಲಿನ ಮೆಟ್ಟಿಲು. ‘ಇಂಥವರದಿರಬಹುದು’ ಎನ್ನಲು ಬಲ್ಲವರೊಬ್ಬರು ಕಾರಣ ಕೊಟ್ಟಿರಬೇಕು. ‘ಇಂಥವರ ರೀತಿಯದು’ ಎಂದರೆ ಕೈ ಬೇರೆಯವರದು, ಹೋಲಿಕೆ ಮಾತ್ರ ಉಂಟು. ‘ಸಹಿ ಮಾಡಿದ್ದಾರೆ’ ಎನ್ನುವುದಕ್ಕೂ ‘ಸಹಿ ಇದೆ’ ಎನ್ನುವುದಕ್ಕೂ ಅಂತರವಿದೆ. ಮೊದಲನೆಯದು ಮಾಡಿದವರು ಯಾರೆಂದು ಹೇಳುತ್ತದೆ, ಎರಡನೆಯದು ಕಂಡದ್ದನ್ನಷ್ಟೇ ಹೇಳುತ್ತದೆ. ನಮಗೆ ಹಕ್ಕಿರುವುದು ಎರಡನೆಯದಕ್ಕೆ.

“ಒಂದು ಸರ್ಟಿಫಿಕೇಟ್ ಮಾಡಿಸಿದ್ರೆ?” ಎಂದರು ರಾಯರು. ಕೊಡುವವರು ಯಾರು, ಯಾವ ಚಿತ್ರಗಳ ಜೊತೆ ಹೋಲಿಸಿ ನೋಡಿದರು ಎಂದು ಅದರಲ್ಲಿರಬೇಕು. ಅದಿಲ್ಲದಿದ್ದರೆ ಮುದ್ರೆ ಎಷ್ಟು ದೊಡ್ಡದಿದ್ದರೇನು. ವೆಂಕಟಪ್ಪನವರ ಕೃತಿಗಳನ್ನು ಅಭ್ಯಾಸ ಮಾಡಿದವರಿಗೆ ಮೂಲವನ್ನೇ ಒಯ್ದು ತೋರಿಸೋಣ, ಅಲ್ಲಿಯವರೆಗೆ ಈ ಅಕ್ಷರಗಳ ಮೇಲೆ ಯಾರೂ ಪೆನ್ಸಿಲ್ ಆಡಿಸಬಾರದು ಎಂದೆ. ಆಮೇಲೆ ಇಬ್ಬರೂ ಕೂತು ಹಾಳೆಯ ಹಿಂಬದಿಯಲ್ಲಿ ಹೊಸದಾಗಿ ಬರೆದೆವು:

“ಬೆಟ್ಟಸಾಲು, ಮಂಜು, ನೀಲಗಿರಿ ಮರಗಳು. ಚಿತ್ರದ ಮೇಲೆ ಶೀರ್ಷಿಕೆಯಿಲ್ಲ, ಇಸವಿಯಿಲ್ಲ. ಕಾಗದದ ಮೇಲೆ ಜಲವರ್ಣ, ಗಟ್ಟಿ ಬಿಳಿ, ಪೆನ್ಸಿಲ್ ರೇಖೆ. ಕಾಗದ 28×38 ಸೆಂ.ಮೀ., ಕಾಣುವ ಭಾಗ 26.5×36.5, ಕಟ್ಟು ಸೇರಿ 44×54. ಬಲ ಕೆಳಗೆ ಕೆ.ವಿ. ಎಂಬ ಪೆನ್ಸಿಲ್ ಅಕ್ಷರಗಳಿವೆ. ಹಳೆಯ ತೇಗದ ಕಟ್ಟು, ಹಿಂದೆ ಅಂಗಡಿಯ ಚೀಟಿ ಇದೆ. ಮೌಂಟಿನ ಅಂಚಿನಲ್ಲಿ ಕಂದು ಗೆರೆ, ಆಕಾಶದ ಬಣ್ಣ ಮಾಸಿದೆ, ಎಡ ಮೇಲೆ ತೇವದ ಚುಕ್ಕಿಗಳು. ಕಲಾವಿದರು ಯಾರೆಂದು ಖಚಿತವಾಗಿಲ್ಲ. ಕೆ. ವೆಂಕಟಪ್ಪನವರದೆಂದು ಮನೆಯವರು ಹೇಳುತ್ತ ಬಂದಿದ್ದಾರೆ, ದಾಖಲೆಯಿಲ್ಲ.”

ರಾಯರು ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಅಪ್ಪ ಹೇಳಿದ್ದನ್ನ ಅಳಿಸಲಿಲ್ಲವಲ್ಲ, ಅದು ಸರಿಹೋಯ್ತು” ಎಂದರು. ಅಳಿಸಬೇಕಾಗಿಯೂ ಇಲ್ಲ. ಅದು ಅಪ್ಪ ಹೇಳಿದ ಮಾತೆಂದೇ ಬರೆದಿಟ್ಟರೆ ಮುಂದೆ ಪರೀಕ್ಷಿಸುವವರಿಗೆ ಅದೂ ಒಂದು ಎಳೆ.