ಮೊಳೆ ಹೊಡೆದ ಗೋಡೆಯ ಲೆಕ್ಕ

ಮುಂಬಯಿಯಲ್ಲಿ ನೆಲೆಸಿದ ನಮ್ಮ ಕರಾವಳಿಯವರ ಮನೆಗಳಿಗೆ ಗಲ್ಫ್ ಎಂದರೆ ಪಕ್ಕದ ಓಣಿ. ಊರಿನಿಂದ ಹೊರಟವರು ನಮ್ಮಲ್ಲಿ ಎರಡು ದಿನ ತಂಗಿ ಸಹಾರದಿಂದ ವಿಮಾನ ಹತ್ತುತ್ತಿದ್ದ ಕಾಲವೊಂದಿತ್ತು. ಈಗ ಮಂಗಳೂರಿನಿಂದಲೇ ನೇರ ಹಾರುತ್ತಾರೆ, ಆದರೆ ಅಲ್ಲಿನ ಋಣ ತೀರಿ ಹಿಂದೆ ಬರುವಾಗ ಮುಲುಂಡಿನ ನಮ್ಮ ಹಾಲ್‌ನಲ್ಲಿ ಸೂಟ್‌ಕೇಸ್ ಇಳಿಸದೆ ಮುಂದೆ ಹೋಗುವುದಿಲ್ಲ. ಈ ಸಲ ಇಳಿಸಿದವರು ತಂಗಿ ಮತ್ತು ಭಾವ. ದುಬೈಯ ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ವರ್ಷ ಇದ್ದು, ಕರಾರು ಮುಗಿದ ದಿನವೇ ಕೀಲಿ ಕೊಟ್ಟು ಬಂದವರು. ಸಾಮಾನು ಬಂದಿತ್ತು, ಮಕ್ಕಳು ಬಂದಿದ್ದರು. ಡಿಪಾಸಿಟ್ ಮಾತ್ರ ಅಲ್ಲೇ ಇತ್ತು.

ಡಿಪಾಸಿಟ್ ಅಂದರೆ ಅಲ್ಲಿ ಒಂದಲ್ಲ, ಎರಡು. ಇದನ್ನು ಭಾವ ನನಗೆ ಚಹಾ ಆರುವಷ್ಟು ಹೊತ್ತು ವಿವರಿಸಿದರು. ಮನೆಯ ಯಜಮಾನನ ಕಡೆಯ ಕಂಪನಿಯ ಹತ್ತಿರ ವರ್ಷದ ಬಾಡಿಗೆಯ ಶೇಕಡಾ 5. ಫರ್ನಿಚರ್ ಇದ್ದ ಮನೆಯಾದರೆ ಸಾಮಾನ್ಯವಾಗಿ 10. ಇವರ ಬಾಡಿಗೆ ವರ್ಷಕ್ಕೆ 60,000 ದಿರ್ಹಮ್, ಹಾಗಾಗಿ 3,000. ಎರಡನೆಯದು ಕರೆಂಟು ನೀರಿನ ಇಲಾಖೆ 'ದೇವಾ'ದ ಹತ್ತಿರ, ಫ್ಲ್ಯಾಟಿಗೆ 2,000. ಕೆಲವು ಕಟ್ಟಡಗಳಲ್ಲಿ ತಂಪು ಗಾಳಿಗೂ ಬೇರೆ ಕಂಪನಿ, ಬೇರೆ ಡಿಪಾಸಿಟ್. ಪುಣ್ಯಕ್ಕೆ ಇವರ ಕಟ್ಟಡದಲ್ಲಿ ಅದಿರಲಿಲ್ಲ.

ದೇವಾದ ಹಣ ಬರುವ ದಾರಿ ಸಲೀಸು. ಮನೆ ಬಿಡುವ ತಾರೀಕು ತಿಳಿಸಿದರೆ ಅಂದು ಸಂಪರ್ಕ ಕಡಿಯುತ್ತಾರೆ, ಕೊನೆಯ ಬಿಲ್ ಮಾಡುತ್ತಾರೆ, ಅದನ್ನು ಡಿಪಾಸಿಟ್‌ನಲ್ಲಿ ಹಿಡಿದು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತಾರೆ. ಬಿಲ್ 415 ದಿರ್ಹಮ್ ಬಂದಾಗ ತಂಗಿ, "ಎಸಿ ಹಾಕಿದ್ದೇ ಹತ್ತು ದಿನ, ಇಷ್ಟೆಲ್ಲ ಎಲ್ಲಿಂದ?" ಎಂದು ಸಿಟ್ಟಾದಳು. ಅದರಲ್ಲಿ 250 ಕರೆಂಟಿನದ್ದೇ ಅಲ್ಲ. ದುಬೈ ಮುನಿಸಿಪಾಲಿಟಿ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ಹೌಸಿಂಗ್ ಫೀಯನ್ನು ಹನ್ನೆರಡು ಪಾಲು ಮಾಡಿ ಇದೇ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ. ನಾಲ್ಕು ವರ್ಷ ಕಟ್ಟಿದವರೇ ಅದನ್ನು ಮರೆತಿದ್ದರು.

ಈ ದಾರಿಯಲ್ಲಿ ಗುಂಡಿ ಇರುವುದು ಎರಡೇ ಕಡೆ. ಒಂದು, ಹಣ ಬರುವ ಮೊದಲೇ ಬ್ಯಾಂಕ್ ಖಾತೆ ಮುಚ್ಚಿ ಬರುವುದು. ವೀಸಾ ರದ್ದಾಗುವ ಗಡಿಬಿಡಿಯಲ್ಲಿ ಎಷ್ಟೋ ಜನ ಹಾಗೆ ಮಾಡಿ ಮುಂಬಯಿಗೆ ಬಂದು ಫೋನ್ ಹಿಡಿದು ಕೂರುತ್ತಾರೆ. ಭಾವ ಖಾತೆ ಇಟ್ಟುಕೊಂಡಿದ್ದರು. ಇನ್ನೊಂದು, ಕರೆಂಟು ಕಡಿಯುವ ತಾರೀಕು. ಅದರಲ್ಲಿ ಭಾವ ಜಾಣತನ ಮಾಡಿದರು. ಒಂದು ದಿನದ ಕರೆಂಟು ಉಳಿಯಲಿ ಎಂದು ಮನೆ ತೋರಿಸುವ ಹಿಂದಿನ ದಿನಕ್ಕೇ ಬರೆದು ಕೊಟ್ಟರು. ಜೂನ್ ತಿಂಗಳು, ಎಸಿ ಇಲ್ಲ, ದೀಪ ಇಲ್ಲ. ಕಂಪನಿಯ ಇನ್‌ಸ್ಪೆಕ್ಷನ್ ಹುಡುಗ ಬೆವರು ಒರೆಸಿಕೊಳ್ಳುತ್ತ ಮೊಬೈಲಿನ ಟಾರ್ಚ್ ಹಿಡಿದು ಗೋಡೆ ನೋಡಿದ. ಗೋಡೆಗೆ ಅಡ್ಡಲಾಗಿ ಟಾರ್ಚ್ ಹಿಡಿದರೆ ಎಂಥ ನುಣುಪು ಗೋಡೆಯಾದರೂ ಸಿಡುಬು ಎದ್ದ ಮುಖದ ಹಾಗೆ ಕಾಣುತ್ತದೆ. ಹಗಲು ಬೆಳಕಿನಲ್ಲಿ ನಾಲ್ಕು ವರ್ಷ ಯಾರಿಗೂ ಕಾಣದ ಉಬ್ಬುತಗ್ಗುಗಳೆಲ್ಲ ಅಂದು ಅವನ ಕಾಗದಕ್ಕೆ ಏರಿದವು.

ವಾರದೊಳಗೆ ಮೇಲ್ ಬಂತು. ಬಣ್ಣಕ್ಕೆ 1,400, ಕ್ಲೀನಿಂಗ್ 450, ಎಸಿ ಸರ್ವಿಸ್ 300, ಮೊಳೆಯ ತೂತುಗಳಿಗೆ 150. ಒಟ್ಟು 2,300. ಇವರಿಗೆ ಸಿಗುವುದು 700. ತಂಗಿಗೆ ನೋವಾದದ್ದು ಬಣ್ಣಕ್ಕಲ್ಲ, ಕ್ಲೀನಿಂಗಿಗೆ. ಒಲೆಯ ಹಿಂದಿನ ಟೈಲ್ಸನ್ನು ಮಂಡಿಯೂರಿ ತಿಕ್ಕಿದವಳು ಅವಳು. "ನನ್ನ ಸೊಂಟದ ನೋವಿಗೆ ರಶೀದಿ ಎಲ್ಲಿಂದ ತರಲಿ ಅಣ್ಣಾ?" ಎಂದಳು. ಮಾತು ನಿಜ. ಕ್ಲೀನಿಂಗ್ ಕಂಪನಿಯವರು ಅರೆಮನಸ್ಸಿನಿಂದ ಗುಡಿಸಿ ಹೋಗಿ ಬಿಲ್ ಕೊಟ್ಟಿದ್ದರೂ ವಾದಕ್ಕೆ ಆಗುತ್ತಿತ್ತು. ಮನೆಯವಳು ಫಳಫಳ ಎನ್ನಿಸಿದರೆ ಅದಕ್ಕೆ ಸಾಕ್ಷಿ ಇಲ್ಲ.

ಮುಂಬಯಿಯಲ್ಲಿ ಬಾಡಿಗೆ ಮನೆಗಳನ್ನು ದಾಟುತ್ತಲೇ ತಲೆ ನರೆತ ನನಗೆ ಇದು ಹೊಸದಲ್ಲ. ಇಲ್ಲಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಮುಗಿದಾಗ ಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ಯಜಮಾನರು ಬೇಕಾದಷ್ಟು. ಮೀಟರ್ ಅವರ ಹೆಸರಲ್ಲೇ ಇರುತ್ತದೆ, ಕೊನೆಯ ಬಿಲ್ ನಾವು ಹೋದ ಮೇಲೆ ಬರುತ್ತದೆ, ಹಾಗಾಗಿ ಅಂದಾಜಿನ ಮೇಲೆ ಒಂದು ಮೊತ್ತ ತಡೆದಿಡುತ್ತಾರೆ. ಹೋಗುವ ದಿನದ ರೀಡಿಂಗ್ ಫೋಟೋ ತೆಗೆದು ಯಜಮಾನರಿಗೆ ಅಲ್ಲೇ ವಾಟ್ಸಾಪ್ ಮಾಡಿದವನೇ ಗೆದ್ದ. ಇನ್ನು ಗಿರಗಾಂವ್, ಪರೇಲ್ ಕಡೆಯ ಹಳೆಯ ಪಗಡಿ ಖೋಲಿಗಳ ಲೆಕ್ಕವೇ ಉಲ್ಟಾ. ಅಲ್ಲಿ ಬಿಡುವ ಬಾಡಿಗೆದಾರನಿಗೇ ಹಣ ಬರುತ್ತದೆ, ಯಜಮಾನ ಅದರಲ್ಲಿ ತನ್ನ ಪಾಲು ಕೇಳುತ್ತಾನೆ. ಹೀಗೆ ಪಗಡಿ ಪಡೆಯುವುದನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಕಾನೂನುಬದ್ಧವನ್ನಾಗಿಯೂ ಮಾಡಿತು. ಇದನ್ನು ಹೇಳಿದಾಗ ಭಾವ, "ಹಾಗಾದರೆ ನಾನು ಹೋಗಬೇಕಾದದ್ದು ದುಬೈಗಲ್ಲ, ಗಿರಗಾಂವ್‌ಗೆ" ಎಂದರು.

ಆದರೆ ದುಬೈಯಲ್ಲಿ ಕಾನೂನಿಲ್ಲ ಎಂದಲ್ಲ. 2007ರ 26ನೇ ಕಾನೂನಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ನಿಜ. ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ ಎಂಬುದೂ ಅಲ್ಲೇ ಇದೆ. ನಾಲ್ಕು ವರ್ಷದಲ್ಲಿ ಬಿಳಿ ಬಣ್ಣ ಮಂಕಾಗುವುದು ಸವೆತ. ಮಕ್ಕಳು ಕ್ರೇಯಾನ್‌ನಲ್ಲಿ ಬರೆದ ರೈಲು ಹಾನಿ. ಇವರ ಮನೆಯಲ್ಲಿ ಎರಡೂ ಇತ್ತು. 'ಬಣ್ಣ ಬಳಿಸಿ ಕೊಡತಕ್ಕದ್ದು' ಎಂದು ಕರಾರಿನಲ್ಲೇ ಬರೆದಿದ್ದರೆ ವಾದ ಇನ್ನೂ ಬಿಗಿಯಾಗುತ್ತಿತ್ತು. ಇವರದರಲ್ಲಿ ಆ ಸಾಲಿರಲಿಲ್ಲ. ದೂರು ಕೊಡಲು ಬಾಡಿಗೆ ವ್ಯಾಜ್ಯ ಕೇಂದ್ರವೂ ಇದೆ. ಅದಕ್ಕೆ ಶುಲ್ಕ ಕನಿಷ್ಠ 500 ದಿರ್ಹಮ್, ದಾಖಲೆಗಳು ಅರಬ್ಬಿಯಲ್ಲಿರಬೇಕು, ಅನುವಾದದ ಖರ್ಚು ಬೇರೆ. ವಾದಿ ಮುಲುಂಡಿನಲ್ಲಿ ಇಡ್ಲಿ ತಿನ್ನುತ್ತಿದ್ದಾನೆ. ವಿಮಾನದ ಟಿಕೆಟ್ಟಿನಷ್ಟು ದೊಡ್ಡ ವಕೀಲ ಮನೆ ಯಜಮಾನರಿಗೆ ಬೇರೆ ಯಾರೂ ಇಲ್ಲ. ಮೂರು ದಿನ ಮೊದಲೇ ಕೀಲಿ ಕೊಟ್ಟು, ಲೆಕ್ಕವನ್ನು ಎದುರೆದುರು ಕೂತು ಮುಗಿಸಿ, ಆಮೇಲೆ ವಿಮಾನ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ. ಮೂರು ರಾತ್ರಿ ಸ್ನೇಹಿತರ ಮನೆಯ ಸೋಫಾ ಸಾಕು.

ಕೊನೆಗೆ ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಪತ್ರ ತಯಾರಾಯಿತು. ಸಿಟ್ಟಿನ ಮಾತುಗಳನ್ನೆಲ್ಲ ನನ್ನ ಹೆಂಡತಿ ಹೊಡೆದು ಹಾಕಿದಳು. ಉಳಿದದ್ದು ಮೂರು ಸಾಲು, ನಾಲ್ಕು ಲಗತ್ತು. ಬಂದ ದಿನ ತೆಗೆದ ಗೋಡೆಗಳ ಫೋಟೋ, ಎಸಿ ಸರ್ವಿಸ್ ಮಾಡಿಸಿದ ಎರಡು ತಿಂಗಳ ಹಿಂದಿನ ಬಿಲ್, ಕರಾರು, ದೇವಾದ ಕೊನೆಯ ಬಿಲ್. ಪ್ರತಿ ಕಡಿತಕ್ಕೂ ಖರ್ಚಿನ ಬಿಲ್ ಕಳಿಸಿ ಎಂಬ ಕೋರಿಕೆ. ತೂತು ಮುಚ್ಚದೆ ಬಣ್ಣ ಬಳಿಯುವವರು ಯಾರಿದ್ದಾರೆ, ಅದಕ್ಕೆ ಬೇರೆ 150 ಯಾಕೆ ಎಂಬ ಪ್ರಶ್ನೆ ಭಾವನದು. ಅದು ಕೆಲಸ ಮಾಡಿತು. ಎಸಿ ಮತ್ತು ಮೊಳೆ ಬಿಟ್ಟುಕೊಟ್ಟರು, ಬಣ್ಣ ಅರ್ಧಕ್ಕೆ, 700ಕ್ಕೆ ಇಳಿಯಿತು. ಕ್ಲೀನಿಂಗ್ 450 ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಅಲ್ಲಿಂದ 1,850, ದೇವಾದಿಂದ 1,585 ಬಂತು. ಎರಡೂ ಬಂದ ಮೇಲೆಯೇ ಭಾವ ಖಾತೆ ಮುಚ್ಚಿದ್ದು.

ಈಗ ಭಾವ ಭಾಂಡುಪ್‌ನಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾರೆ. ಮೊನ್ನೆ ಜೊತೆಗೆ ಹೋಗಿದ್ದೆ. ದಲ್ಲಾಳಿ ಕಿಟಕಿಯ ಗಾಳಿಯನ್ನು ಹೊಗಳುತ್ತಿದ್ದರೆ ಇವರು ಗೋಡೆಯ ಮೂಲೆಗಳನ್ನು, ನಲ್ಲಿಯ ತುಕ್ಕನ್ನು, ಮೀಟರನ್ನು ಒಂದೊಂದಾಗಿ ಫೋಟೋ ತೆಗೆಯುತ್ತಿದ್ದರು. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಗೋಡೆಗೆ ಅಡ್ಡಲಾಗಿ ಹಿಡಿದರು. "ಸಾಹೇಬ್, ಘರ್ ಲೇನಾ ಹೈ ಯಾ ಪಿಕ್ಚರ್ ಬನಾನಾ ಹೈ?" ಎಂದ ದಲ್ಲಾಳಿ. ಭಾವ ತಿರುಗಿಯೂ ನೋಡದೆ, ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಅಗ್ರಿಮೆಂಟಿನಲ್ಲೇ ಬರೆಸಿ, ಆಮೇಲೆ ಟೋಕನ್ ಮಾತು ಎಂದರು.