ಬೀಡಿ ಬಿಟ್ಟ ಮ್ಯಾಲ ಕೆಮ್ಮು ಯಾಕ ಬಂತು?

"ಹುಡುಗಿದ್ದಾಗಿಂದ ಸೇದೀನಿ, ಒಂದಿನಾನೂ ಹಿಂಗ ಕೆಮ್ಮಿಲ್ಲ. ಬಿಟ್ಟು ಹತ್ತು ದಿನ ಆಗಿಲ್ಲ, ಎದಿ ಕಿತ್ತು ಬರೋಹಂಗ ಕೆಮ್ಮು. ಗಂಟಲ ಬ್ಯಾರೆ ಕೆರೀತೈತಿ. ಇದ್ಯಾವ ನ್ಯಾಯ ತಮ್ಮಾ?"

ಪಕ್ಕದ ಮನೆ ಕಾಕಾ ಕಂಪೌಂಡ್ ಗೋಡೆಗೆ ಮೊಣಕೈ ಊರಿ ಹೀಗೆ ಕೇಳಿದರು. ಸರ್ಕಾರಿ ಲ್ಯಾಬಿನಲ್ಲಿ ಕಫದ ಡಬ್ಬಿ ನೋಡುತ್ತಲೇ ನಿವೃತ್ತನಾದವ ನಾನು. ಸಿಂಧನೂರಿನ ನಮ್ಮ ಓಣಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಆ ಗೋಡೆಯ ಮೇಲೆ ಒಂದು ತಲೆ ಕಾಣಿಸಿಕೊಳ್ಳುತ್ತದೆ.

"ಕಾಕಾ, ಎಡದಂಡೆ ಕಾಲುವಿ ಬಂದ್ ಆಗಿ, ಮತ್ತ ನೀರು ಬಿಟ್ಟಾಗ ಮೊದಲ ಏನ್ ಬರ್ತೈತಿ?"

"ಕಸ, ಕಡ್ಡಿ, ರಾಡಿ."

"ನಿಮ್ಮ ಎದ್ಯಾಗೂ ಈಗ ಅದಾ ನಡದೈತಿ."

ಶ್ವಾಸನಾಳದ ಒಳಮೈಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲೆಳೆಗಳಿವೆ. ಅವು ಎಡೆಬಿಡದೆ ಅಲುಗಾಡುತ್ತ ಧೂಳು ಹತ್ತಿದ ಕಫವನ್ನು ಗಂಟಲ ಕಡೆಗೆ ತಳ್ಳುತ್ತವೆ. ಹೊಗೆ ಇವನ್ನು ಮಂಕುಮಾಡುತ್ತದೆ, ಗಿಡ್ಡಮಾಡುತ್ತದೆ. ಕಫ ಹುಟ್ಟುವುದು ಹೆಚ್ಚುತ್ತದೆ, ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಅದರ ಜೊತೆಗೆ ಕೆಮ್ಮು ಎಬ್ಬಿಸುವ ನರಗಳೂ ಜಡವಾಗಿರುತ್ತವೆ. ಕಾಕಾ ಇಷ್ಟು ವರ್ಷ ಹೆಚ್ಚು ಕೆಮ್ಮದೇ ಇದ್ದದ್ದು ಎದೆ ಚೊಕ್ಕವಾಗಿತ್ತು ಅಂತಲ್ಲ. ಬೀಡಿ ಬಿಟ್ಟ ಮೇಲೆ ಆ ಎಳೆಗಳೂ ನರಗಳೂ ಒಂದೊಂದಾಗಿ ಎಚ್ಚರಾಗುತ್ತವೆ. ಹಾಗಂತ ಬಿಟ್ಟವರೆಲ್ಲ ಕೆಮ್ಮುತ್ತಾರೆ ಅಂತೇನಿಲ್ಲ, ಎಷ್ಟೋ ಮಂದಿಗೆ ಏನೂ ಆಗುವುದಿಲ್ಲ. ಕೆಮ್ಮು ಬಂದವರಿಗೆ ಸಾಮಾನ್ಯವಾಗಿ ಕೆಲವು ವಾರ ಇರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಆದರೆ ದಿನ ಹೋದಂತೆ ಇಳಿಮುಖವಾಗಬೇಕು.

"ನಿನ್ನೆ ಅಗಸಿ ಕಟ್ಟಿ ಮ್ಯಾಲ ಒಬ್ಬಾವ ಹೇಳಿದ, ಒಂದು ದಮ್ ಎಳಿ, ಕೆಮ್ಮು ನಿಲ್ತೈತಿ ಅಂತ."

"ನಿಲ್ಲಬಹುದು ಕಾಕಾ, ಸುಳ್ಳಲ್ಲ. ಎದ್ದು ಕೆಲಸಕ್ಕ ನಿಂತದ್ದನ್ನ ಮತ್ತ ಮಲಗಿಸಿದ್ರ ನಿಲ್ಲದಾ ಏನು?" ಕೆಮ್ಮು ಅದುಮುವ ಸಿರಪ್ಪನ್ನು ಅಂಗಡಿಯಿಂದ ತಂದು ಕುಡಿಯುವವರಿಗೂ ನಾನು ಇದನ್ನೇ ಹೇಳುವುದು. ಕಫ ಬರುತ್ತಿರುವ ಕೆಮ್ಮನ್ನು ಕಟ್ಟಿಹಾಕಬಾರದು. ಬಿಸಿನೀರು ಕುಡಿಯಿರಿ, ಗಂಟಲಿಗೆ ಒಂದು ಚಮಚ ಜೇನುತುಪ್ಪ ತಗೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಜೇನು ಬೇಡ.

ಕಾಕಾನ ಗಂಟಲಿಗೆ ಇನ್ನೊಂದು ಕಾರಣ ಅವರ ಅಂಗಿ ಜೇಬಿನಲ್ಲೇ ಇತ್ತು: ನಿಕೋಟಿನ್ ಚ್ಯೂಯಿಂಗ್ ಗಮ್. ಮೊಮ್ಮಕ್ಕಳು ಬಬಲ್ ಗಮ್ ಅಗಿಯುವ ಹಾಗೆ ಚಪಚಪ ಅಗಿದು ರಸ ನುಂಗುತ್ತಿದ್ದರು. ಹಾಗೆ ನುಂಗಿದ ನಿಕೋಟಿನ್ ಗಂಟಲು ಸುಡುತ್ತದೆ, ಬಿಕ್ಕಳಿಕೆ ತರುತ್ತದೆ, ಹೊಟ್ಟೆ ತೊಳಸುತ್ತದೆ. ಅದನ್ನು ನಿಧಾನವಾಗಿ ಅಗಿದು, ಮೆಣಸಿನಂಥ ಚುರುಕು ಬಂದ ಕೂಡಲೇ ದವಡೆ ಮತ್ತು ಗಲ್ಲದ ನಡುವೆ ಒತ್ತಿ ಸುಮ್ಮನಿರಬೇಕು. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಜಾಗ ಬದಲಿಸಬೇಕು. ಅರ್ಧ ತಾಸು ಹೀಗೆ ನಡೆಯಬೇಕು. ಅದಕ್ಕೆ ಮುಂಚಿನ ಕಾಲು ತಾಸು ಚಹಾ, ಲಿಂಬು ಶರಬತ್ತು ಬೇಡ.

"ಅಂದ್ರ ತಂಬಾಕು ದವಡ್ಯಾಗ ಇಟ್ಟಂಗ ಅನ್ನು. ಅದು ನನಗ ಬರ್ತೈತಿ" ಎಂದು ಕಾಕಾ ನಕ್ಕರು.

ಆಮೇಲೆ ಬಣ್ಣದ ವಿಚಾರ ಬಂತು. ಬೆಳಿಗ್ಗೆ ಕಂದು ಚುಕ್ಕೆ ಇರುವ, ಬೂದಿ ಬಣ್ಣದ ಕಫ ಬೀಳುತ್ತದೆ ಎಂದರು. ಹಳೇ ಹೊಗೆಯ ಮಸಿ, ಡಾಂಬರು ಹೀಗೆ ಬರುವುದುಂಟು. ವಾರಗಳು ಕಳೆದಂತೆ ಅದು ತಿಳಿಯಾಗಿ ಬಿಳಿಗೆ ತಿರುಗುತ್ತದೆ. ಹಳದಿ, ಹಸಿರು ಕಂಡ ಮಾತ್ರಕ್ಕೆ ಸೋಂಕು ಎನ್ನಲಾಗದು, ಆದರೆ ಜ್ವರ, ನಾತ, ದಮ್ಮು ಜೊತೆಗೂಡಿದರೆ ಡಾಕ್ಟರ್ ಹತ್ತಿರ ಹೋಗಬೇಕು. ಕೆಂಪು ಕಂಡರೆ ಅವತ್ತೇ ಹೋಗಬೇಕು. ನಮ್ಮ ಕಡೆ ಈ ಕೆಂಪಿಗೆ ಒಂದು ತೊಡಕಿದೆ, ಎಲೆ ಅಡಿಕೆ. ನಮ್ಮ ಲ್ಯಾಬಿಗೆ ರಕ್ತ ಅಂತ ಗಾಬರಿಯಾಗಿ ತಂದ ಡಬ್ಬಿಯಲ್ಲಿ ಸುಣ್ಣ ಅಡಿಕೆಯ ರಸ ಇದ್ದದ್ದುಂಟು, ಅಡಿಕೆ ರಸ ಅಂತ ಸುಮ್ಮನಿದ್ದವರ ಡಬ್ಬಿಯಲ್ಲಿ ರಕ್ತ ಇದ್ದದ್ದೂ ಉಂಟು. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಎಲೆ ಹಾಕುವ ಮೊದಲು ನೋಡಿಕೊಂಡರೆ ಗೊಂದಲವಿಲ್ಲ.

ಅಷ್ಟರಲ್ಲಿ ಚಿಗವ್ವ ಒಳಗಿನಿಂದ ಕೂಗಿದರು: "ಅಂದ್ರ ಇದು ಬೀಡಿ ಬಿಟ್ಟಿದ್ದಕ್ಕ ಬಂದ ಕೆಮ್ಮು, ಹೆದರೋದಿಲ್ಲ ಅಂದಂಗಾತು?"

ನನಗೆ ಅಳುಕು ಇರುವುದೇ ಈ ಮಾತಿನ ಬಗ್ಗೆ. ಬಿಟ್ಟವರ ಕೆಮ್ಮು ವಾರಗಟ್ಟಲೆ ಇರಬಹುದು ಅಂತ ನಾನೇ ಹೇಳಿದೆ. ಆದರೆ ನಮ್ಮ ದೇಶದ ಕ್ಷಯರೋಗ ಕಾರ್ಯಕ್ರಮದ ನಿಯಮ ಬೇರೆ: ಎರಡು ವಾರ ದಾಟಿದ ಕೆಮ್ಮು ಯಾವುದೇ ಇರಲಿ, ಕಫ ಪರೀಕ್ಷೆ ಆಗಬೇಕು. ಬೀಡಿ ಸೇದುವವರಿಗೆ ಟಿಬಿ ಬರುವ ಸಾಧ್ಯತೆ ಸೇದದವರಿಗಿಂತ ಹೆಚ್ಚು. ಹಾಗಾಗಿ ಎರಡು ವಾರದ ಆಚೆಗೆ "ಬಿಟ್ಟಿದ್ದಕ್ಕ ಬಂದೈತಿ" ಎನ್ನುವ ಸಮಾಧಾನ ನಡೆಯುವುದಿಲ್ಲ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಎರಡು ವಾರವನ್ನೂ ಕಾಯಬಾರದು.

ಕಾಕಾ ಮುಂದಿನ ವಾರ ಕಫ ಪರೀಕ್ಷೆಗೆ ಸರ್ಕಾರಿ ಲ್ಯಾಬಿಗೆ ಹೋದರು. ಪರೀಕ್ಷೆಗೆ ದುಡ್ಡಿಲ್ಲ, ಡಬ್ಬಿಯನ್ನೂ ಅಲ್ಲೇ ಕೊಡುತ್ತಾರೆ. ಮಂದಿ ಎಡವುವುದು ಡಬ್ಬಿ ತುಂಬುವಲ್ಲಿ. ನಾಚಿಕೆಗೆ ಜೊಲ್ಲು ಉಗುಳಿ ಕೊಟ್ಟುಬಿಡುತ್ತಾರೆ, ನೀರಿನ ಹಾಗಿರುವ ಅದರಲ್ಲಿ ಕ್ರಿಮಿ ಹುಡುಕಿ ಏನು ಫಲ? ಗೋಡೆ ಈಚೆಯಿಂದ ನಾನು ಹೇಳಿಕೊಟ್ಟೆ: ಎದ್ದ ಕೂಡಲೇ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಎರಡು ಮೂರು ಸಲ ಉದ್ದ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಿರಿ. ಒಂದು ಸಣ್ಣ ಚಮಚದಷ್ಟು ಸಾಕು, ಅಂಟಂಟಾಗಿರಬೇಕು. ಒಂದು ಡಬ್ಬಿ ಹೋದ ದಿನ ಅಲ್ಲೇ, ಇನ್ನೊಂದು ಮರುದಿನ ಬೆಳಿಗ್ಗೆ. ಟಿಬಿ ಇಲ್ಲ ಅಂತ ಬಂತು. ಕೆಮ್ಮು ಆಮೇಲೂ ಕೆಲವು ದಿನ ಇತ್ತು, ಕಡಿಮೆಯಾಗುತ್ತ ಇತ್ತು. ಮೂರು ತಿಂಗಳಾದರೂ ಹೋಗದಿದ್ದರೆ ಕೊಳವೆಗೆ ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸೋಣ ಎಂದೆ, ಬೀಡಿ ಶ್ವಾಸನಾಳವನ್ನು ಎಷ್ಟು ಕೆಡಿಸಿದೆ ಎನ್ನುವುದು ಅದರಲ್ಲಿ ತಿಳಿಯುತ್ತದೆ.

ಇಷ್ಟಾದ ಮೇಲೆ ಕಾಕಾನ ಬಳಗದವರ ಕೆಮ್ಮೆಲ್ಲ ಗೋಡೆ ಹತ್ತಿತು. ಮಸ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಅಳಿಯ ಬೀಡಿ ಮುಟ್ಟಿದವನಲ್ಲ, ಬೆಂಗಳೂರಿನಿಂದ ವೇಪ್ ತರಿಸಿಕೊಳ್ಳುತ್ತಿದ್ದವ. 2019ರ ಕಾನೂನಿನಿಂದ ಅದರ ಮಾರಾಟವೇ ನಿಷಿದ್ಧ, ಕದ್ದು ಬರುವ ಆ ದ್ರವದಲ್ಲಿ ಏನೇನು ಬೆರೆಸಿದ್ದಾರೋ ಯಾರು ಬಲ್ಲರು. ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ತೇವ ಹೀರುವಂಥದ್ದು, ಅದಕ್ಕೇ ಅವನಿಗೆ ಕಫಕ್ಕಿಂತ ಒಣ ಗಂಟಲಿನ ಕಾಟ ಹೆಚ್ಚು. ಬಿಟ್ಟ ಮೇಲೆ ಸುಧಾರಿಸುತ್ತಿದ್ದಾನೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಡಾಕ್ಟರ್ ಮುಂದೆ ವೇಪ್ ಹೆಸರು ಮುಚ್ಚಿಡಬೇಡ ಅಂತ ಹೇಳಿ ಕಳಿಸಿದ್ದೇನೆ.

"ಲಿಂಗಸುಗೂರಿನ ನಮ್ಮಣ್ಣಾನೂ ಬಿಟ್ಟಾನ. ಅವಂಗೂ ಕೆಮ್ಮೈತಿ. ನಂದರಂಗಾ ಹೋಗ್ತೈತಿ ಬಿಡು ಅಂದೀನಿ" ಎಂದರು ಕಾಕಾ.

"ಅವರು ಹಟ್ಟಿ ಗಣಿಯೊಳಗ ಕೆಲಸ ಮಾಡಿದ್ರಲ್ಲ?"

"ಹೂಂ, ತೆಳಗ ಇಳೀತಿದ್ದ."

"ಹಂಗಿದ್ರ ನಿಮ್ಮ ಲೆಕ್ಕ ಅವರಿಗೆ ಹಚ್ಚಬ್ಯಾಡ್ರಿ. ಬಂಗಾರದ ಕಲ್ಲು ಕೊರೆಯುವಾಗ ಏಳೋ ಸಿಲಿಕಾ ಧೂಳು ಪುಪ್ಪುಸದಾಗ ಕುಂತ್ರ, ಗಣಿ ಬಿಟ್ಟು ಎಷ್ಟೋ ವರ್ಷದ ಮ್ಯಾಲೂ ಕಾಡ್ತೈತಿ. ಅಂಥವರಿಗೆ ಟಿಬಿ ಅಂಟೋದೂ ಜಾಸ್ತಿ. ಕಫದ ಜೊತಿ ಎದಿ ಎಕ್ಸ್‌ರೇನೂ ಆಗಬೇಕು. ಬೀಡಿ ಬಿಟ್ಟೀನಿ ಅಂದಷ್ಟಾ ಹೇಳಿದ್ರ ಸಾಲದು, ಗಣ್ಯಾಗ ಏನು ಕೆಲಸ, ಎಷ್ಟು ವರ್ಷ ಅಂತ ಡಾಕ್ಟರಿಗೆ ಹೇಳಬೇಕು."

ಕಾಕಾ ಆಗಲೇ ಜೇಬಿನಿಂದ ಫೋನ್ ತೆಗೆದು ಅಣ್ಣನ ನಂಬರ್ ಹುಡುಕುತ್ತಿದ್ದರು.